ಕೆಲಸಕ್ಕೊಂದು ಸಾಕ್ಷಿ: ಸೆಲ್ಲಿ ಓಕ್‌ನ ವಿದ್ಯಾರ್ಥಿಗೆ ಹ್ಯಾಕಥಾನ್ ಉಪಯೋಗಕ್ಕೆ ಬರುವ ಬಗೆ

ಕರ್ನಾಟಕದಲ್ಲಿ ಇಂಜಿನಿಯರಿಂಗ್ ಮುಗಿಸಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ಎಂ.ಎಸ್ಸಿ. ಓದಲು ಬಂದು, ಪಕ್ಕದ ಸೆಲ್ಲಿ ಓಕ್‌ನಲ್ಲಿ ನಾಲ್ಕೈದು ಮಂದಿ ಸೇರಿ ಬಾಡಿಗೆ ಹಿಡಿದ ಮನೆಗಳಲ್ಲಿ ನೆಲೆಸುವ ವಿದ್ಯಾರ್ಥಿಗಳಿಗೆ ಎದುರಾಗುವ ಮೊದಲ ತೊಡಕು ಕಾಲಾವಕಾಶದ್ದು. ಪಾಠಗಳು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಆರಂಭವಾಗುತ್ತವೆ. ಹೊಸ ಪದವೀಧರರಿಗಾಗಿ ದೊಡ್ಡ ಕಂಪನಿಗಳು ನಡೆಸುವ ನೇಮಕಾತಿಯೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ ತೆರೆದು, ಅನೇಕ ಕಡೆ ಕ್ರಿಸ್‌ಮಸ್‌ಗೆ ಮುಂಚೆಯೇ ಮುಚ್ಚಿಹೋಗುತ್ತದೆ. ಹೀಗಾಗಿ ಮೊದಲ ಪರೀಕ್ಷೆಯ ಅಂಕಗಳು ಕೈಸೇರುವ ಮೊದಲೇ ಅರ್ಜಿ ಹಾಕಬೇಕಾಗುತ್ತದೆ, ಮತ್ತು ಆ ಅರ್ಜಿಯಲ್ಲಿ ಹೇಳಿಕೊಂಡ ಕೌಶಲಗಳನ್ನು ಕಂಡು ಹೌದೆನ್ನಬಲ್ಲ ಒಬ್ಬರೂ ಆ ಊರಿನಲ್ಲಿ ಇರುವುದಿಲ್ಲ.

ಈ ಕೊರತೆಯನ್ನು ಒಂದು ವಾರಾಂತ್ಯದಲ್ಲಿ ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುವ ದಾರಿಗಳಲ್ಲಿ ಹ್ಯಾಕಥಾನ್ ಒಂದು. ನಿಗದಿತ ಅವಧಿಯಲ್ಲಿ, ಸಾಮಾನ್ಯವಾಗಿ 24 ಗಂಟೆಗಳೊಳಗೆ, ಸಣ್ಣ ತಂಡಗಳು ಒಂದೇ ಕಟ್ಟಡದಲ್ಲಿ ಕುಳಿತು ಒಂದು ತಂತ್ರಾಂಶವನ್ನು ಕಟ್ಟಿ ತೋರಿಸುವ ಕೂಟಕ್ಕೆ ಈ ಹೆಸರಿದೆ. 1999ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಅಭಿವೃದ್ಧಿಕಾರರು ಸೇರಿದ ಕೂಟಕ್ಕೆ ಈ ಪದ ಬಳಕೆಯಾಯಿತು. 2013ರಲ್ಲಿ ಹುಟ್ಟಿದ ಮೇಜರ್ ಲೀಗ್ ಹ್ಯಾಕಿಂಗ್ ಎಂಬ ಸಂಸ್ಥೆ ವಿದ್ಯಾರ್ಥಿಗಳ ಹ್ಯಾಕಥಾನ್‌ಗಳಿಗೆ ಸಮಾನ ನಿಯಮಗಳನ್ನು ಒದಗಿಸಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬ್ರಮ್‌ಹ್ಯಾಕ್, ಅದೇ ನಗರದ ಹ್ಯಾಕ್‌ದಮಿಡ್‌ಲ್ಯಾಂಡ್ಸ್, ಮ್ಯಾಂಚೆಸ್ಟರಿನ ಗ್ರೇಟ್‌ಯೂನಿಹ್ಯಾಕ್, ಶೆಫೀಲ್ಡಿನ ಹ್ಯಾಕ್‌ಶೆಫೀಲ್ಡ್, ನಾಟಿಂಗ್‌ಹ್ಯಾಮಿನ ಹ್ಯಾಕ್‌ನಾಟ್ಸ್ ಈ ಪರಂಪರೆಗೆ ಸೇರಿದವು.

ಇದು ಕೆಲಸ ಮಾಡುವುದು ಏಕೆ

ಉದ್ಯೋಗದಾತರು ಅರ್ಜಿಯಲ್ಲಿ ಓದುವುದೆಲ್ಲ ಅಭ್ಯರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು. ಸಂದರ್ಶನದಲ್ಲಿಯೂ ಅವರು ಕಾಣುವುದು ಸಿದ್ಧತೆ ಮಾಡಿಕೊಂಡು ಬಂದ ಒಂದು ಗಂಟೆಯನ್ನು ಮಾತ್ರ. ಹ್ಯಾಕಥಾನ್‌ನಲ್ಲಿ ಹಾಗಲ್ಲ: ರಾತ್ರಿ ಎರಡು ಗಂಟೆಗೆ ಪ್ರೋಗ್ರಾಂ ಕೆಟ್ಟು ನಿಂತಾಗ ಒಬ್ಬನು ಹೇಗೆ ಯೋಚಿಸುತ್ತಾನೆ, ತನ್ನ ಭಾಗ ಮುಗಿದ ಮೇಲೆ ಪಕ್ಕದವರಿಗೆ ನೆರವಾಗುತ್ತಾನೆಯೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತಾನೆಯೇ ಎಂಬುದನ್ನೆಲ್ಲ ತಂಡದ ಇತರ ಮೂವರು ಕಣ್ಣಾರೆ ನೋಡುತ್ತಾರೆ. ಕಾರ್ಯಕ್ರಮಕ್ಕೆ ಹಣ ಕೊಟ್ಟ ಪ್ರಾಯೋಜಕ ಕಂಪನಿಗಳ ಇಂಜಿನಿಯರುಗಳೂ ಅಲ್ಲಿಯೇ ಓಡಾಡಿಕೊಂಡಿದ್ದು ಅದರಲ್ಲಿ ಒಂದು ಭಾಗವನ್ನು ಕಾಣುತ್ತಾರೆ. ಆದ್ದರಿಂದ ಹ್ಯಾಕಥಾನ್‌ನ ನಿಜವಾದ ಗಳಿಕೆಯೆಂದರೆ ಕೆಲಸಕ್ಕೆ ದೊರೆಯುವ ಸಾಕ್ಷಿಗಳು. ಬಹುಮಾನ ಬರುವುದು ಕೆಲವೇ ತಂಡಗಳಿಗೆ. ಸಾಕ್ಷಿಗಳು ಮಾತ್ರ ಒಳ್ಳೆಯ ರೀತಿಯಲ್ಲಿ ದುಡಿದ ಎಲ್ಲರಿಗೂ ದೊರೆಯುತ್ತಾರೆ. ಮುಂದೆ ವಿವರಿಸುವ ಹೆಜ್ಜೆಗಳೆಲ್ಲ ಈ ಸಾಕ್ಷ್ಯವನ್ನು ಗಟ್ಟಿ ಮಾಡಿಕೊಳ್ಳುವುದಕ್ಕೆ ಸಂಬಂಧಿಸಿದವು.

ಅನುಸರಿಸಬೇಕಾದ ಹೆಜ್ಜೆಗಳು

1. ಸಮಯವನ್ನೂ ಕೂಟವನ್ನೂ ಆರಿಸಿಕೊಳ್ಳುವುದು

ವಿದ್ಯಾರ್ಥಿ ಹ್ಯಾಕಥಾನ್‌ಗಳು ಹೆಚ್ಚಾಗಿ ಅಕ್ಟೋಬರ್-ನವೆಂಬರ್ ಮತ್ತು ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ನಡೆಯುತ್ತವೆ. ಒಂದೇ ವರ್ಷದ ಓದಿಗೆ ಬಂದವರಿಗೆ ಇವುಗಳಲ್ಲಿ ಮೊದಲ ಸುತ್ತು ಹೆಚ್ಚು ಮುಖ್ಯ, ಏಕೆಂದರೆ ನೇಮಕಾತಿ ತೆರೆದಿರುವಾಗಲೇ ಅರ್ಜಿಯಲ್ಲಿ ಬರೆಯಲು ಒಂದು ಕೆಲಸ ಅದರಿಂದ ಸಿದ್ಧವಾಗುತ್ತದೆ. ಈ ಕೂಟಗಳನ್ನು ನಡೆಸುವವರು ವಿದ್ಯಾರ್ಥಿಗಳೇ ಆದ್ದರಿಂದ, ಸಮಿತಿ ಬದಲಾದಂತೆ ದಿನಾಂಕ ಬದಲಾಗುವುದೂ ಒಂದು ವರ್ಷ ಕೂಟವೇ ನಡೆಯದಿರುವುದೂ ಉಂಟು. ಕಳೆದ ವರ್ಷದ ದಿನಾಂಕವನ್ನು ನಂಬಿ ಕುಳಿತುಕೊಳ್ಳಬಾರದು. ಸೆಲ್ಲಿ ಓಕ್ ನಿಲ್ದಾಣದಿಂದ ನಗರದ ನ್ಯೂ ಸ್ಟ್ರೀಟ್‌ಗೆ ನೇರ ರೈಲಿದ್ದು, ಅಲ್ಲಿಂದ ಮ್ಯಾಂಚೆಸ್ಟರ್, ಶೆಫೀಲ್ಡ್, ನಾಟಿಂಗ್‌ಹ್ಯಾಮ್‌ಗಳಿಗೂ ರೈಲುಗಳು ಇರುವುದರಿಂದ, ಬರ್ಮಿಂಗ್‌ಹ್ಯಾಮಿನ ಕೂಟ ತಪ್ಪಿದರೆ ನೆರೆಯ ಊರಿನದನ್ನು ಹಿಡಿಯಬಹುದು. ಕೆಲವು ಸಂಘಟಕರು ಪ್ರಯಾಣದ ಖರ್ಚಿನ ಒಂದು ಭಾಗವನ್ನು ಹಿಂದಿರುಗಿಸುತ್ತಾರೆ. ಅದಕ್ಕೆ ಮೊದಲೇ ಅನುಮತಿ ಪಡೆದು ಟಿಕೆಟಿನ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮೇಜರ್ ಲೀಗ್ ಹ್ಯಾಕಿಂಗ್‌ಗೆ ಸೇರಿದ ಕೂಟಗಳಲ್ಲಿ ವಿದ್ಯಾರ್ಥಿಗಳ ಜೊತೆಗೆ, ಪದವಿ ಮುಗಿಸಿ 12 ತಿಂಗಳು ದಾಟದವರಿಗೂ ಸಾಮಾನ್ಯವಾಗಿ ಪ್ರವೇಶವಿರುತ್ತದೆ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಕಳೆದವರು ಅಲ್ಲಿ ಮಾರ್ಗದರ್ಶಕರಾಗಿ ಹೋಗಬಹುದು. ಆಗ ಅವರಿಗೆ ಒಂದೇ ರಾತ್ರಿಯಲ್ಲಿ ಹತ್ತಾರು ತಂಡಗಳ ಕೆಲಸವನ್ನು ನೋಡಲು ಅವಕಾಶವಾಗುತ್ತದೆ.

2. ತಂಡ ಕಟ್ಟುವುದು

ಇಂಥ ಕೂಟಗಳಲ್ಲಿ ಒಂದು ತಂಡಕ್ಕೆ ನಾಲ್ವರ ಮಿತಿ ಇರುವುದು ವಾಡಿಕೆ. ಒಂದೇ ಮನೆಯಲ್ಲಿರುವ, ಒಂದೇ ತರಗತಿಯಲ್ಲಿ ಓದುವ, ಒಂದೇ ಭಾಷೆಯಾಡುವ ನಾಲ್ವರು ಸೇರಿ ಹೋಗುವುದು ಸಲೀಸು. ಆದರೆ ಅವರು ಒಬ್ಬರಿಗೊಬ್ಬರು ಮೊದಲೇ ಪರಿಚಿತರಾದ್ದರಿಂದ ಹೊಸ ಸಾಕ್ಷಿಗಳು ಯಾರೂ ಸಿಗುವುದಿಲ್ಲ, ಮತ್ತು ನಾಲ್ವರಿಗೂ ಬರುವುದು ಅದೇ ವಿದ್ಯೆಯಾದ್ದರಿಂದ ಕೆಲಸವೂ ಒಂದೇ ಕಡೆ ಜಗ್ಗುತ್ತದೆ. ಪರಿಚಿತರು ಇಬ್ಬರು, ಅಪರಿಚಿತರು ಇಬ್ಬರು ಎಂಬುದು ಒಳ್ಳೆಯ ಅನುಪಾತ. ಉದ್ಘಾಟನೆಯಾದ ಕೂಡಲೇ ಅನೇಕ ಕಡೆ ಒಂಟಿಯಾಗಿ ಬಂದವರಿಗಾಗಿ ತಂಡ ಸೇರಿಸುವ ಸಭೆ ನಡೆಯುತ್ತದೆ. ಅಲ್ಲಿ ಕಲಿತ ಭಾಷೆಗಳ ಪಟ್ಟಿ ಒಪ್ಪಿಸುವುದಕ್ಕಿಂತ, ಏನು ಮಾಡಬಲ್ಲೆ ಮತ್ತು ಏನು ಕಲಿಯಬೇಕೆಂದಿದ್ದೇನೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಹೇಳುವುದು ಫಲಕಾರಿ. ಪರದೆಯ ಮೇಲೆ ಕಾಣುವ ಭಾಗವನ್ನು ಚೆನ್ನಾಗಿ ಮಾಡುವವರೊಬ್ಬರು, ದತ್ತಾಂಶವನ್ನು ಸಂಭಾಳಿಸುವವರೊಬ್ಬರು, ನಿರರ್ಗಳವಾಗಿ ವಿವರಿಸಬಲ್ಲವರೊಬ್ಬರು ಇದ್ದರೆ ತಂಡ ಸಮತೋಲದಲ್ಲಿರುತ್ತದೆ. ಕೆಲಸ ಶುರುವಾಗುವ ಮೊದಲೇ ನಿದ್ದೆಯ ಸಮಯ, ಬಹುಮಾನ ಬಂದರೆ ಹಂಚಿಕೆ, ಕೋಡ್ ಬಹಿರಂಗವಾಗಿ ಇರಬೇಕೇ ಎಂಬ ಮೂರು ವಿಷಯಗಳನ್ನು ಮಾತಾಡಿಕೊಂಡರೆ ಬೆಳಗಿನ ಜಾವದ ಮನಸ್ತಾಪ ತಪ್ಪುತ್ತದೆ.

3. ಕೆಲಸವನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳುವುದು

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡುವುದು ಒಳ್ಳೆಯದು. ಸೆಲ್ಲಿ ಓಕ್‌ನ ಮನೆಯೊಂದರಿಂದ ನ್ಯೂ ಸ್ಟ್ರೀಟ್‌ಗೆ ಹೋಗುವ ವಿದ್ಯಾರ್ಥಿ ಎಷ್ಟು ಹೊತ್ತಿಗೆ ಮನೆಯ ಬಾಗಿಲು ದಾಟಬೇಕು ಎಂಬುದನ್ನು ಹೇಳುವ ಪುಟವೊಂದನ್ನು ತಂಡ ಮಾಡಹೊರಟಿದೆ ಎಂದಿಟ್ಟುಕೊಳ್ಳಬಹುದು. ರೈಲು 9:14ಕ್ಕೆ, ನಡಿಗೆ 11 ನಿಮಿಷ, ತುಸು ಬಿಡುವು 3 ನಿಮಿಷ ಎಂದಾದರೆ, 9:00ಕ್ಕೆ ಹೊರಡಬೇಕು ಎಂದು ಪುಟ ತೋರಿಸಬೇಕು. ಇಷ್ಟೇ ಅದರ ತಿರುಳು. ಇಡೀ ಮಿಡ್‌ಲ್ಯಾಂಡ್ಸ್‌ನ ಬಸ್ಸು, ರೈಲು, ಸೈಕಲ್ಲುಗಳನ್ನೆಲ್ಲ ಸೇರಿಸುವ ಆಸೆಯನ್ನು ಮೊದಲ ಗಂಟೆಯಲ್ಲಿಯೇ ಬಿಟ್ಟುಬಿಡಬೇಕು.

ರೈಲಿನ ಸಮಯವನ್ನು ಪಡೆಯಲು ಎಪಿಐ ಬೇಕಾಗುತ್ತದೆ. ಒಂದು ಪ್ರೋಗ್ರಾಂ ಮತ್ತೊಂದರಿಂದ ಮಾಹಿತಿ ಕೇಳಿ ಪಡೆಯಲು ಇರುವ ಗೊತ್ತಾದ ದಾರಿಗೆ ಆ ಹೆಸರು. ಅದನ್ನು ಬಳಸಲು ಕೊಡುವ ಗುಪ್ತ ಸಂಕೇತಕ್ಕೆ ಎಪಿಐ ಕೀ ಎನ್ನುತ್ತಾರೆ. ಕೀ ಕೇಳಿ ಹಾಕಿದ ಅರ್ಜಿಗೆ ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ ಒಪ್ಪಿಗೆ ಬರುವುದರಿಂದ, ಅದನ್ನು ಕೂಟಕ್ಕೆ ಮೊದಲೇ ಪಡೆದಿರಬೇಕು. ವಿಚಾರವನ್ನು ಮೊದಲೇ ಯೋಚಿಸಿ ಬರುವುದಕ್ಕೆ, ಎಲ್ಲರಿಗೂ ಲಭ್ಯವಿರುವ ಸಿದ್ಧ ಕೋಡ್ ಲೈಬ್ರರಿಗಳನ್ನು ಬಳಸುವುದಕ್ಕೆ ಮೇಜರ್ ಲೀಗ್ ಹ್ಯಾಕಿಂಗ್‌ನ ನಿಯಮಗಳಲ್ಲಿ ಅವಕಾಶವಿದೆ. ಯೋಜನೆಯ ಕೋಡನ್ನು ಮನೆಯಲ್ಲೇ ಬರೆದು ತರುವುದಕ್ಕೆ ಅವಕಾಶವಿಲ್ಲ.

ಶನಿವಾರ ಮಧ್ಯಾಹ್ನ 12ಕ್ಕೆ ಆರಂಭವಾದರೆ, 2 ಗಂಟೆಯೊಳಗೆ ಪುಟದ ಚಿತ್ರವನ್ನು ಕಾಗದದ ಮೇಲೆ ಬರೆದು, ಎಪಿಐ ಕೊಟ್ಟ ಒಂದು ಉತ್ತರವನ್ನು ಕಡತವಾಗಿ ಉಳಿಸಿಕೊಳ್ಳಬೇಕು. ರಾತ್ರಿ 8ರೊಳಗೆ ಆ ಉಳಿಸಿದ ಕಡತವನ್ನೇ ಓದಿ ಉತ್ತರ ತೋರಿಸುವ ಪುಟ ಸಿದ್ಧವಾಗಬೇಕು. ನೋಟ ಒರಟಾಗಿದ್ದರೂ ಚಿಂತೆಯಿಲ್ಲ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹರಿಯಬೇಕು. ನೇರ ಎಪಿಐಯನ್ನು ಜೋಡಿಸುವ ಕೆಲಸ ಆಮೇಲಿನದು. ಈ ಕ್ರಮಕ್ಕೆ ಕಾರಣವಿದೆ: ನೂರಾರು ಜನ ಒಂದೇ ವೈಫೈ ಬಳಸುವ ಸಭಾಂಗಣದಲ್ಲಿ ಪ್ರದರ್ಶನದ ಹೊತ್ತಿಗೆ ಸಂಪರ್ಕ ಕೈಕೊಡುವುದು ಸಾಮಾನ್ಯ, ಮತ್ತು ಆಗ ಉಳಿಸಿದ ಕಡತವೇ ತಂಡದ ಮಾನ ಕಾಯುತ್ತದೆ. ಮಧ್ಯರಾತ್ರಿಯಾದರೂ ಪುಟ ಒಮ್ಮೆಯೂ ಪೂರ್ತಿ ಹರಿಯದಿದ್ದರೆ ಕೆಲಸ ದೊಡ್ಡದಾಯಿತೆಂದು ಅರ್ಥ. ಆಗ ಜನರನ್ನು ಅದಕ್ಕೆ ಸುರಿಯುವ ಬದಲು ಒಂದು ಭಾಗವನ್ನು ಕಿತ್ತುಹಾಕಬೇಕು. ಭಾನುವಾರ 10 ಗಂಟೆಯ ನಂತರ ಹೊಸದೇನನ್ನೂ ಸೇರಿಸದೆ, ಉಳಿದ ಎರಡು ಗಂಟೆಗಳನ್ನು ಡೆವ್‌ಪೋಸ್ಟ್‌ನಂಥ ತಾಣದಲ್ಲಿ ವಿವರ ದಾಖಲಿಸಲು ಮತ್ತು ಮೂರು ನಿಮಿಷದ ಪ್ರದರ್ಶನವನ್ನು ಗಡಿಯಾರ ಹಿಡಿದು ಅಭ್ಯಾಸ ಮಾಡಲು ಮೀಸಲಿಡಬೇಕು.

4. ಯಾರು ಏನು ಮಾಡಿದರೆಂಬುದನ್ನು ದಾಖಲಿಸುವುದು

ಹ್ಯಾಕಥಾನ್‌ನಲ್ಲಿ ಇಬ್ಬರು ಒಂದೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಕೆಲಸ ಮಾಡುವುದು ಹೆಚ್ಚು. ಕೀಲಿಮಣೆ ಯಾರ ಕೈಯಲ್ಲಿದೆಯೋ ಅವರ ಹೆಸರಿನಲ್ಲಿಯೇ ಎಲ್ಲ ದಾಖಲಾಗುವುದರಿಂದ, ಮೂರು ತಿಂಗಳ ನಂತರ ನೇಮಕಾತಿಯವರು ಗಿಟ್‌ಹಬ್ ತೆರೆದು ನೋಡಿದಾಗ ಪಕ್ಕದಲ್ಲಿ ಕುಳಿತು ಅರ್ಧ ಕೆಲಸವನ್ನು ಯೋಚಿಸಿಕೊಟ್ಟವರ ಹೆಸರು ಎಲ್ಲಿಯೂ ಕಾಣುವುದಿಲ್ಲ. ಇದಕ್ಕೆ ಸರಳ ಪರಿಹಾರವಿದೆ. ಕಮಿಟ್, ಅಂದರೆ ಕೋಡಿನ ಒಂದು ಬದಲಾವಣೆಯನ್ನು ಟಿಪ್ಪಣಿಯೊಡನೆ ಉಳಿಸುವ ಕ್ರಿಯೆ, ನಡೆಯುವಾಗ ಟಿಪ್ಪಣಿಯ ಕೊನೆಯಲ್ಲಿ ಸಹಲೇಖಕರ ಸಾಲನ್ನು ಸೇರಿಸಿದರೆ ಸಾಕು:

```
git commit -m "Show leave time from saved data" \
  -m "Co-authored-by: Ramya <ramya@example.com>"
```

ಅಲ್ಲಿ ಬರೆಯುವ ಇಮೇಲ್ ವಿಳಾಸ ಆ ವ್ಯಕ್ತಿಯ ಗಿಟ್‌ಹಬ್ ಖಾತೆಗೆ ಸೇರಿದ್ದೇ ಆಗಿದ್ದರೆ ಇಬ್ಬರ ಹೆಸರೂ ಆ ಬದಲಾವಣೆಯ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಸ್ವಂತ ವಿಳಾಸವನ್ನು ಬಹಿರಂಗಪಡಿಸಲು ಇಷ್ಟವಿಲ್ಲದವರು ಗಿಟ್‌ಹಬ್ ಕೊಡುವ `noreply` ವಿಳಾಸವನ್ನು ಬಳಸಬಹುದು.

ಇದರ ಜೊತೆಗೆ `README.md` ಎಂಬ ಪರಿಚಯ ಕಡತದಲ್ಲಿ ನಾಲ್ಕು ವಿಷಯಗಳು ಇರಬೇಕು: ಇದು ಯಾವ ತೊಂದರೆಯನ್ನು ಪರಿಹರಿಸುತ್ತದೆ, ಹೇಗೆ ಚಾಲನೆ ಮಾಡುವುದು, ಯಾರು ಯಾವ ಭಾಗ ಮಾಡಿದರು, ಯಾವುದು ಇನ್ನೂ ಕೆಲಸ ಮಾಡುತ್ತಿಲ್ಲ. ಕೊನೆಯದನ್ನು ಬರೆಯಲು ಅನೇಕರು ಅಳುಕುತ್ತಾರೆ. ಆದರೆ ರದ್ದಾದ ರೈಲನ್ನು ಈ ಪುಟ ಗುರುತಿಸುವುದಿಲ್ಲ ಎಂದು ಬರೆದವರು ತಮ್ಮ ಕೆಲಸದ ಮಿತಿಯನ್ನು ಅರಿತವರೆಂದು ಅನುಭವಿ ಇಂಜಿನಿಯರ್‌ಗೆ ತಿಳಿಯುತ್ತದೆ, ಮತ್ತು ಸಂದರ್ಶನದಲ್ಲಿ ಒಳ್ಳೆಯ ಪ್ರಶ್ನೆಗೆ ಅದೇ ಸಾಲು ದಾರಿಯಾಗುತ್ತದೆ.

5. ಪ್ರಾಯೋಜಕರ ಇಂಜಿನಿಯರುಗಳೊಡನೆ ಮಾತಾಡುವುದು

ಪ್ರಾಯೋಜಕರ ಮೇಜಿನ ಮುಂದೆ ಆರಂಭದ ಎರಡು ಗಂಟೆ ಉಚಿತ ಟೀ ಶರ್ಟು, ಸ್ಟಿಕ್ಕರುಗಳಿಗಾಗಿ ಸಾಲು ಇರುತ್ತದೆ. ಆಗ ರೆಸ್ಯೂಮೆ ಕೊಟ್ಟರೆ ಅದು ರಾಶಿಯಲ್ಲಿ ಒಂದಾಗುತ್ತದೆ. ಸಂಜೆಯ ಊಟವಾದ ಮೇಲೆ ಅದೇ ಇಂಜಿನಿಯರುಗಳು ಬಿಡುವಾಗಿರುತ್ತಾರೆ. ಆಗ ಅವರ ಬಳಿಗೆ ಕೆಲಸವಿದೆಯೇ ಎಂಬ ಪ್ರಶ್ನೆಯೊಡನೆ ಹೋಗುವುದಕ್ಕಿಂತ, ಕೆಟ್ಟು ನಿಂತ ಕೋಡನ್ನು ಹಿಡಿದು ಹೋಗುವುದು ಮೇಲು. ಏನು ನಿರೀಕ್ಷಿಸಿದ್ದೆವು, ಏನಾಯಿತು, ಏನೇನು ಪ್ರಯತ್ನಿಸಿದೆವು ಎಂಬ ಮೂರು ಮಾತುಗಳಲ್ಲಿ ತೊಡಕನ್ನು ವಿವರಿಸಿದರೆ, ಮುಂದಿನ ಹದಿನೈದು ನಿಮಿಷ ಇಬ್ಬರು ಸಹೋದ್ಯೋಗಿಗಳ ನಡುವಿನ ಸಂಭಾಷಣೆಯಂತೆ ಸಾಗುತ್ತದೆ.

ಪ್ರಾಯೋಜಕರದೇ ಎಪಿಐ ಬಳಸಿದ್ದರೆ ಮತ್ತೊಂದು ಅವಕಾಶವಿದೆ. ಅವರ ಕೈಪಿಡಿಯಲ್ಲಿ ಯಾವ ಹೆಜ್ಜೆ ಅಸ್ಪಷ್ಟವಾಗಿತ್ತು, ಯಾವ ಉದಾಹರಣೆ ಓಡಲಿಲ್ಲ ಎಂಬುದನ್ನು ಎರಡು ಮೂರು ಸಾಲಿನಲ್ಲಿ ಬರೆದು ಕೊಟ್ಟರೆ ಅದು ಆ ಕಂಪನಿಗೆ ನಿಜವಾಗಿ ಉಪಯೋಗಕ್ಕೆ ಬರುವ ವಸ್ತು. ಕರ್ನಾಟಕದ ತರಗತಿಗಳಲ್ಲಿ ಹಿರಿಯರ ತಪ್ಪನ್ನು ಎತ್ತಿ ಹೇಳಬಾರದೆಂಬ ಸಂಕೋಚದಲ್ಲಿ ಬೆಳೆದವರಿಗೆ ಇದು ಕಷ್ಟವೆನಿಸಬಹುದು. ಸೌಜನ್ಯದಿಂದ, ಪುಟವನ್ನು ತೋರಿಸಿ ಹೇಳಿದ ಇಂಥ ಮಾತನ್ನು ಅಲ್ಲಿ ಉದ್ಧಟತನವೆಂದು ಯಾರೂ ಎಣಿಸುವುದಿಲ್ಲ.

6. ನಂತರದ ಎರಡು ವಾರ

ಎಲ್ಲಕ್ಕಿಂತ ಹೆಚ್ಚು ಕೈತಪ್ಪುವುದು ಈ ಹೆಜ್ಜೆ. ಭಾನುವಾರ ಸಂಜೆ ಎಲ್ಲರೂ ನಿದ್ದೆಗೆಟ್ಟು ಮನೆಗೆ ಹೋಗುತ್ತಾರೆ, ಸೋಮವಾರ ಪಾಠಗಳು ಶುರುವಾಗುತ್ತವೆ, ಪರಿಚಯ ಅಲ್ಲಿಗೇ ಆರಿಹೋಗುತ್ತದೆ. ಎರಡು ದಿನಗಳೊಳಗೆ ಮಾತಾಡಿದ ಪ್ರತಿಯೊಬ್ಬರಿಗೂ ಲಿಂಕ್ಡ್‌ಇನ್‌ನಲ್ಲಿ ಚಿಕ್ಕ ಸಂದೇಶ ಕಳುಹಿಸಬೇಕು. ಅದರ ಒಕ್ಕಣೆ ಹೀಗಿರಬಹುದು: "ಶನಿವಾರ ರಾತ್ರಿ ಸೆಲ್ಲಿ ಓಕ್ ರೈಲಿನ ಪುಟ ಮಾಡುತ್ತಿದ್ದ ತಂಡದಲ್ಲಿದ್ದೆ. ಸಮಯವಲಯದ ತಪ್ಪನ್ನು ನೀವು ಗುರುತಿಸಿಕೊಟ್ಟಿರಿ. ಅದನ್ನು ಸರಿಪಡಿಸಿದ್ದೇವೆ, ಕೊಂಡಿ ಇಲ್ಲಿದೆ. ಧನ್ಯವಾದಗಳು." ಇದರಲ್ಲಿ ಬೇಡಿಕೆಯಿಲ್ಲ, ನೆನಪು ಮತ್ತು ಪುರಾವೆ ಇವೆ.

ಎರಡನೆಯ ವಾರದೊಳಗೆ ತಂಡದವರು ಒಮ್ಮೆ ಸೇರಿ, ಬಾಕಿ ಉಳಿದ ದೋಷಗಳಲ್ಲಿ ಒಂದನ್ನಾದರೂ ಸರಿಪಡಿಸಬೇಕು. ವಾರಾಂತ್ಯ ಮುಗಿದ ಮೇಲೂ ಯಾರು ಬರುತ್ತಾರೆ ಎಂಬುದರಿಂದಲೇ ಮುಂದಿನ ಕೆಲಸಕ್ಕೆ ಜೊತೆಗಾರರು ಯಾರೆಂದು ತಿಳಿಯುತ್ತದೆ. ಪರಿಚಯವಾದ ಇಂಜಿನಿಯರುಗಳ ಕಂಪನಿಯಲ್ಲಿ ಹುದ್ದೆ ತೆರೆದಾಗ ಮಾತ್ರ ರೆಫರಲ್ ಕೇಳಬೇಕು. ಕಂಪನಿಯ ಒಳಗಿರುವವರು ಅಭ್ಯರ್ಥಿಯ ಹೆಸರನ್ನು ನೇಮಕಾತಿ ವಿಭಾಗಕ್ಕೆ ಸೂಚಿಸುವುದಕ್ಕೆ ರೆಫರಲ್ ಎನ್ನುತ್ತಾರೆ. ತಾನು ಕಂಡ ಕೆಲಸದ ಬಗ್ಗೆ ನಾಲ್ಕು ಮಾತು ಬರೆಯುವುದು ಯಾರಿಗೂ ಭಾರವಲ್ಲ.

ಕೋಡಿಂಗ್ ಸ್ಪರ್ಧೆಗಳ ದಾರಿ ಬೇರೆ

ಕೋಡಿಂಗ್ ಸ್ಪರ್ಧೆಯಲ್ಲಿ ವಸ್ತುವನ್ನು ಕಟ್ಟುವ ಬದಲು, ಕೊಟ್ಟ ಸಮಸ್ಯೆಗಳಿಗೆ ಸರಿಯಾದ, ವೇಗವಾಗಿ ಓಡುವ ಪ್ರೋಗ್ರಾಂ ಬರೆಯಬೇಕು. ಬ್ರಿಟನ್ ಮತ್ತು ಐರ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಒಂದೇ ದಿನ ನಡೆಯುವ ಯುಕೆಐಇಪಿಸಿ ಎಂಬ ಸ್ಪರ್ಧೆ ವಾಯವ್ಯ ಯುರೋಪಿನ ವಲಯ ಸ್ಪರ್ಧೆಗೆ, ಆ ಮೂಲಕ ಐಸಿಪಿಸಿ ಎಂಬ ಜಾಗತಿಕ ಸ್ಪರ್ಧೆಗೆ ಮೆಟ್ಟಿಲು. ಮೂವರ ತಂಡ, ಒಂದೇ ಕಂಪ್ಯೂಟರ್, ಐದು ಗಂಟೆ ಎಂಬುದು ಅದರ ಕ್ರಮ. ಹೆಚ್ಚು ಸಮಸ್ಯೆ ಬಿಡಿಸಿದವರು ಮೇಲೆ. ಸಮನಾದರೆ ಕಡಿಮೆ ಸಮಯ ತೆಗೆದುಕೊಂಡವರು ಮೇಲೆ. ಬಿಡಿಸಿದ ಸಮಸ್ಯೆಗೆ ಅದಕ್ಕೆ ಮುನ್ನ ಕಳುಹಿಸಿದ ಪ್ರತಿ ತಪ್ಪು ಉತ್ತರಕ್ಕೂ 20 ನಿಮಿಷ ದಂಡವಿರುವುದರಿಂದ, 40ನೇ ನಿಮಿಷದಲ್ಲಿ ಸರಿಯುತ್ತರ ಕಳುಹಿಸಿದ ತಂಡ ಅದಕ್ಕೆ ಮೊದಲು ಎರಡು ಬಾರಿ ತಪ್ಪಿದ್ದರೆ ಅದರ ಲೆಕ್ಕಕ್ಕೆ 80 ನಿಮಿಷ ಬೀಳುತ್ತದೆ.

ಇಲ್ಲಿ ಸಿಗುವ ಸಾಕ್ಷಿಗಳು ಇಬ್ಬರೇ, ಆದರೆ ಆಳವಾಗಿ ಬಲ್ಲವರು: ಒಂದೇ ಕೀಲಿಮಣೆಯನ್ನು ಹಂಚಿಕೊಂಡು, ಕಾಗದದ ಮೇಲೆ ಒಬ್ಬರ ತರ್ಕವನ್ನು ಇನ್ನೊಬ್ಬರು ತಿದ್ದಿದವರು. ಕ್ರಮಾವಳಿಗಳ ಪ್ರಶ್ನೆಗಳಿಂದಲೇ ಸಂದರ್ಶನ ಆರಂಭಿಸುವ ಕಂಪನಿಗಳಿಗೆ, ಅದರಲ್ಲೂ ಷೇರು ವಹಿವಾಟಿನ ತಂತ್ರಾಂಶ ಬರೆಯುವ ಕಂಪನಿಗಳಿಗೆ, ಇಂಥ ಫಲಿತಾಂಶ ಅರ್ಥವಾಗುತ್ತದೆ. ಜಾಲತಾಣ, ಮೊಬೈಲ್ ಆ್ಯಪ್‌ಗಳನ್ನು ಕಟ್ಟುವ ಸಣ್ಣ ಕಂಪನಿಗಳಿಗೆ ಹ್ಯಾಕಥಾನ್‌ನಲ್ಲಿ ಮಾಡಿದ ವಸ್ತುವೇ ಹೆಚ್ಚು ಹೇಳುತ್ತದೆ. ಯಾವ ಬಗೆಯ ಕೆಲಸ ಬೇಕೆಂಬುದನ್ನು ಮೊದಲು ತೀರ್ಮಾನಿಸಿ ಕೂಟವನ್ನು ಆರಿಸಿಕೊಳ್ಳುವುದು ಸರಿ.

ಎಚ್ಚರಿಕೆಗಳು

1. ಎಪಿಐ ಕೀಯನ್ನು ಕೋಡಿನೊಳಗೆ ಬರೆಯದೆ `.env` ಕಡತದಲ್ಲಿಟ್ಟು, ಆ ಕಡತದ ಹೆಸರನ್ನು ಮೊದಲ ಕಮಿಟ್‌ಗೆ ಮುನ್ನವೇ `.gitignore` ಪಟ್ಟಿಗೆ ಸೇರಿಸಬೇಕು. ಒಮ್ಮೆ ಬಹಿರಂಗವಾದ ಕೀಯನ್ನು ಕಡತದಿಂದ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಉಳಿದೇ ಇರುತ್ತದೆ. ಕೊಟ್ಟವರ ತಾಣಕ್ಕೆ ಹೋಗಿ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು.

2. ವಿದ್ಯಾರ್ಥಿ ವೀಸಾದಲ್ಲಿರುವವರು ಸ್ವಯಂ ಉದ್ಯೋಗ ನಡೆಸುವಂತಿಲ್ಲ. ಪದವಿ ಮಟ್ಟದ ಓದಿನಲ್ಲಿ ಪಾಠದ ಅವಧಿಯ ವಾರವೊಂದಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಎಂ.ಎಸ್ಸಿ. ವಿದ್ಯಾರ್ಥಿಗೆ ಬೇಸಿಗೆಯ ಪ್ರಬಂಧದ ತಿಂಗಳುಗಳೂ ಸಾಮಾನ್ಯವಾಗಿ ಪಾಠದ ಅವಧಿಯೇ ಆಗುತ್ತವೆ. ಆದ್ದರಿಂದ ಹ್ಯಾಕಥಾನ್‌ನಲ್ಲಿ ಸಿಕ್ಕ ಪರಿಚಯದವರು ಬಿಡಿ ಕೆಲಸ ಕೊಟ್ಟರೆ, ಅಥವಾ ತಂಡದವರು ಕಂಪನಿ ತೆರೆಯೋಣ ಎಂದರೆ, ವಿಶ್ವವಿದ್ಯಾಲಯದ ವೀಸಾ ಸಲಹಾ ವಿಭಾಗವನ್ನು ಮೊದಲು ಕೇಳಬೇಕು. ಮುಂದೆ ವೀಸಾ ಪ್ರಾಯೋಜನೆ ಬೇಕಾಗುವವರು, ತಾವು ಅರ್ಜಿ ಹಾಕುವ ಕಂಪನಿಯ ಹೆಸರು ಬ್ರಿಟಿಷ್ ಸರ್ಕಾರ ಪ್ರಕಟಿಸುವ ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು.

3. ಈಗಾಗಲೇ ಉದ್ಯೋಗದಲ್ಲಿರುವವರು ತಮ್ಮ ಕರಾರುಪತ್ರವನ್ನು ಓದಿಕೊಳ್ಳಬೇಕು. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದ ಕೋಡಿನ ಹಕ್ಕು ಮಾಲೀಕರದು; ಕೆಲವು ಕರಾರುಗಳು ಬಿಡುವಿನ ಕೆಲಸವನ್ನೂ ಒಳಗೊಳ್ಳುವಂತೆ ಇರುತ್ತವೆ. ಕಂಪನಿಯ ಲ್ಯಾಪ್‌ಟಾಪನ್ನು ಕೂಟಕ್ಕೆ ಒಯ್ಯದಿರುವುದೇ ಕ್ಷೇಮ.

ಸಾಮಾನ್ಯ ತಪ್ಪುಗಳು

ಪ್ರತಿ ವಾರಾಂತ್ಯವೂ ಒಂದೊಂದು ಹ್ಯಾಕಥಾನ್‌ಗೆ ಹೋಗಿ, ಹತ್ತು ಅರೆಬರೆ ಯೋಜನೆಗಳನ್ನು ಗಿಟ್‌ಹಬ್‌ನಲ್ಲಿ ಬಿಟ್ಟುಬಿಡುವುದು ಮೊದಲನೆಯ ತಪ್ಪು. ವರ್ಷಕ್ಕೆ ಎರಡು ಕೂಟ, ಪ್ರತಿಯೊಂದರ ನಂತರ ಎರಡು ವಾರದ ದುರಸ್ತಿ ಎಂಬುದು ಓದಿಗೂ ಹೊಂದುತ್ತದೆ, ತೋರಿಸಲೂ ಹೊಂದುತ್ತದೆ. ಬಹುಮಾನ ಬರುವುದಿಲ್ಲವೆಂದು ಫಲಿತಾಂಶಕ್ಕೆ ಮೊದಲೇ ಎದ್ದು ಹೋಗುವುದು ಎರಡನೆಯದು. ತೀರ್ಪುಗಾರರೂ ಇಂಜಿನಿಯರುಗಳೂ ಮೇಜಿನಿಂದ ಮೇಜಿಗೆ ಆರಾಮವಾಗಿ ಓಡಾಡುವುದು ಆ ಕೊನೆಯ ಗಂಟೆಯಲ್ಲಿಯೇ. ಅರ್ಜಿಯಲ್ಲಿ ಇಡೀ ತಂಡದ ಕೆಲಸವನ್ನು ತನ್ನದೆಂದು ಬರೆಯುವುದು ಮೂರನೆಯದು ಮತ್ತು ಎಲ್ಲಕ್ಕಿಂತ ಕೆಟ್ಟದ್ದು. ನಡಿಗೆಯ ಸಮಯ ಲೆಕ್ಕ ಹಾಕುವ ಭಾಗ ಮಾತ್ರ ತನ್ನದಾಗಿದ್ದರೆ ಅಷ್ಟನ್ನೇ ಬರೆಯಬೇಕು. ಸಾಕ್ಷಿಗಳು ಇನ್ನೂ ಮೂವರಿದ್ದಾರೆ, ಅವರೂ ಅದೇ ಊರಿನಲ್ಲಿ ಅದೇ ಕಂಪನಿಗಳಿಗೆ ಅರ್ಜಿ ಹಾಕುತ್ತಿರುತ್ತಾರೆ ಎಂಬುದನ್ನು ಅರ್ಜಿ ಬರೆಯುವವರು ಮರೆಯಬಾರದು.